ತಾರಸಿಯಿಂದ ತೆಗೆದ ಊರು ಆಟಿಕೆಯಂತೆ ಕಾಣಬೇಕಾದರೆ

ಪ್ರಶ್ನೆ: ಬೆಂಗಳೂರಿನ ರಾಜಾಜಿನಗರದಲ್ಲಿ ನಮ್ಮದು ಒಂಬತ್ತು ಮಹಡಿಯ ಅಪಾರ್ಟ್‌ಮೆಂಟ್. ತಾರಸಿಯಿಂದ ಕೆಳಗಿನ ಸರ್ಕಲ್‌ನ ಫೋಟೋ ತೆಗೆದಿದ್ದೇನೆ. ಮೊಬೈಲ್ ಫೋಟೋ, 4000×3000 ಪಿಕ್ಸೆಲ್. ನಡುವಿಗಿಂತ ಸ್ವಲ್ಪ ಕೆಳಗೆ ಒಂದು ಸಿಟಿ ಬಸ್ಸು ಮತ್ತು ನಾಲ್ಕು ಆಟೋ ಇವೆ, ಬಲಕ್ಕೆ ಐದು ಮಹಡಿಯ ಕಟ್ಟಡ, ಎಡಕ್ಕೆ ಹತ್ತಿರದ ಮನೆಯ ತಾರಸಿಯಲ್ಲಿ ಕಪ್ಪು ನೀರಿನ ಟ್ಯಾಂಕ್. ಜಿಂಪ್‌ನಲ್ಲಿ ಫೋಟೋದ ನಕಲು ಮಾಡಿ, 60 ಪಿಕ್ಸೆಲ್ ಗಾಸಿಯನ್ ಬ್ಲರ್ ಹಾಕಿ, ಲೇಯರ್ ಮಾಸ್ಕಿನಲ್ಲಿ ಗ್ರೇಡಿಯಂಟ್ ಎಳೆದೆ. ಬಂದದ್ದು ಆಟಿಕೆ ಊರಲ್ಲ, ಮಂಜು ಕವಿದ ಊರು. ಟ್ಯಾಂಕ್ ಮಾತ್ರ ಬಸ್ಸಿನಷ್ಟೇ ಚೂಪಾಗಿ ನಿಂತಿದೆ. ನಿಜವಾದ ಟಿಲ್ಟ್-ಶಿಫ್ಟ್ ಲೆನ್ಸ್ ಇಲ್ಲದೆ ಆಗುವುದೇ ಇಲ್ಲ ಎಂದು ಸ್ನೇಹಿತ ಹೇಳುತ್ತಾನೆ. ಬಣ್ಣ ಜಾಸ್ತಿ ಮಾಡಿದರೆ ಸಾಕು ಎನ್ನುವವರೂ ಇದ್ದಾರೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ಮೂರು ಕಡೆ ತಪ್ಪಿದ್ದೀರಿ, ಮೂರೂ ಲೆನ್ಸ್ ಕೊಳ್ಳದೆ ಸರಿಯಾಗುವಂಥವು. ಬ್ಲರ್ ಮಾಡಿದ ಒಂದೇ ಲೇಯರನ್ನು ಮಾಸ್ಕಿನಿಂದ ಬೆರೆಸಿದ್ದೀರಿ. ಬ್ಲರ್ ಬೇಕಾದ್ದಕ್ಕಿಂತ ಎರಡು ಪಟ್ಟು ಹೆಚ್ಚಾಗಿದೆ. ಮತ್ತು ನೆಲಕ್ಕೆ ಸರಿಹೊಂದುವ ಗ್ರೇಡಿಯಂಟನ್ನು ನೆಲದಿಂದ ಮೇಲೆದ್ದು ನಿಂತ ಟ್ಯಾಂಕು, ಕಟ್ಟಡಗಳಿಗೂ ಹಾಗೇ ಬಿಟ್ಟಿದ್ದೀರಿ. ಇವನ್ನು ಸರಿಪಡಿಸುವ ಮೊದಲು, ಮಸುಕು ಕಂಡರೆ ಕಣ್ಣು ಏಕೆ "ಇದು ಚಿಕ್ಕದು" ಎನ್ನುತ್ತದೆ ಎಂಬುದನ್ನು ನೋಡಬೇಕು. ಎಲ್ಲೆಲ್ಲಿ ಎಷ್ಟು ಬ್ಲರ್ ಹಾಕಬೇಕೆಂಬ ಲೆಕ್ಕ ಅಲ್ಲಿಂದಲೇ ಹುಟ್ಟುತ್ತದೆ.

ದಸರಾದಲ್ಲಿ ಬೊಂಬೆ ಕೂರಿಸಿ, ಕೆಳಗೆ ನೆಲದ ಮೇಲೆ ಪಾರ್ಕು, ರಸ್ತೆ, ಪುಟ್ಟ ಬಸ್ಸು ಇಟ್ಟಿರುತ್ತಾರಲ್ಲ, ಅದನ್ನು ಹತ್ತಿರದಿಂದ ತೆಗೆದ ಫೋಟೋ ನೆನಪಿಸಿಕೊಳ್ಳಿ. ಬಸ್ಸು ಚೂಪಾಗಿದ್ದರೆ ಅದರ ಹಿಂದಿನ ಮರ ಆಗಲೇ ಕರಗಿರುತ್ತದೆ, ಮುಂದಿನ ಬೇಲಿಯೂ ಕರಗಿರುತ್ತದೆ. ನಿಮ್ಮ ಚಿತ್ರಕ್ಕೆ ನಾನು ಅಂದಾಜಿಸಿದ ಅಂಕಿಗಳಲ್ಲೇ ಹೇಳುವುದಾದರೆ, 12 ಮೀಟರ್ ಉದ್ದದ ಬಸ್ಸು ಸುಮಾರು 47 ಮೀಟರ್ ದೂರದಲ್ಲಿದೆ. ಅದನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೆ 14 ಸೆಂಟಿಮೀಟರ್ ಉದ್ದದ ಆಟಿಕೆ ಬಸ್ಸು, 54 ಸೆಂಟಿಮೀಟರ್ ದೂರದಲ್ಲಿ. ರೈಲು ಮಾದರಿ ಕಟ್ಟುವವರು ಹೆಚ್ಚಾಗಿ ಬಳಸುವ ಅಳತೆ ಇದೇ. ಆ ಆಟಿಕೆಯನ್ನು ಫುಲ್-ಫ್ರೇಮ್ ಕ್ಯಾಮೆರಾ, 50 ಮಿ.ಮೀ. ಲೆನ್ಸ್, f/4ರಲ್ಲಿ ತೆಗೆದರೆ ಚೂಪಾಗಿ ಬರುವ ಆಳ ಮೂರು ಸೆಂಟಿಮೀಟರಿಗೂ ಕಡಿಮೆ. ನಿಜವಾದ ರಸ್ತೆಗೆ ಹಿಗ್ಗಿಸಿದರೆ ಅದು ಎರಡೂವರೆ ಮೀಟರಿಗೂ ಕಡಿಮೆ. ಅದೇ ಕ್ಯಾಮೆರಾ, ಅದೇ ಲೆನ್ಸಿನಲ್ಲಿ ನಿಜವಾದ ಬಸ್ಸನ್ನು 47 ಮೀಟರಿನಿಂದ ತೆಗೆದರೆ 14 ಮೀಟರಿನಿಂದ ಆಚೆಗೆ ಕಣ್ಣು ಹರಿಯುವವರೆಗೂ ಎಲ್ಲವೂ ಚೂಪು. ಮೊಬೈಲಿನ ಸಣ್ಣ ಸೆನ್ಸರಿನಲ್ಲಂತೂ ಮಸುಕಿನ ಮಾತೇ ಇಲ್ಲ.

ಈ ವ್ಯತ್ಯಾಸವನ್ನು ಇನ್ನೊಂದು ರೀತಿಯಲ್ಲಿ ಹೇಳಬಹುದು. f/4ರಲ್ಲಿ ಆ ಲೆನ್ಸಿನ ಬಾಯಿ 12.5 ಮಿ.ಮೀ. ಅಗಲ. ಅದನ್ನು 87ರಿಂದ ಗುಣಿಸಿದರೆ ಒಂದು ಮೀಟರ್ ದಾಟುತ್ತದೆ. ನಿಜವಾದ ಸರ್ಕಲ್ ನಿಮ್ಮ ತಾರಸಿಯಿಂದ ಆಟಿಕೆಯಷ್ಟೇ ಮಸುಕಾಗಬೇಕಿದ್ದರೆ ಒಂದು ಮೀಟರ್ ಬಾಯಿಯ ಲೆನ್ಸ್ ಬೇಕಾಗುತ್ತಿತ್ತು. ಅಂಥ ಲೆನ್ಸಿಗೆ ಊರು ಹೇಗೆ ಕಾಣುತ್ತಿತ್ತೋ ಅದನ್ನು ನೀವು ಕೈಯಾರೆ ಬರೆಯುತ್ತಿದ್ದೀರಿ.

ಸ್ನೇಹಿತರ ಮಾತಿಗೆ ಬರುತ್ತೇನೆ. ಟಿಲ್ಟ್ ಲೆನ್ಸ್ ಹುಟ್ಟಿದ್ದು ಆಟಿಕೆ ಪರಿಣಾಮಕ್ಕೆಂದಲ್ಲ. ಲೆನ್ಸನ್ನು ವಾಲಿಸಿದರೆ ಫೋಕಸ್ ಆಗುವ ಸಮತಲವೂ ವಾಲುತ್ತದೆ. ಆಸ್ಟ್ರಿಯಾದ ಸೇನಾಧಿಕಾರಿ ಥಿಯೊಡೋರ್ ಶೈಮ್‌ಫ್ಲುಗ್ 1904ರಲ್ಲಿ ಪೇಟೆಂಟ್ ಪಡೆದದ್ದು ಇದೇ ತತ್ವದ ಮೇಲೆ, ಅವನ ಗಮನ ಇದ್ದದ್ದು ಆಕಾಶದಿಂದ ತೆಗೆದ ಚಿತ್ರಗಳ ಓರೆಯನ್ನು ತಿದ್ದುವುದರ ಮೇಲೆ. ಸಾಮಾನ್ಯವಾಗಿ ಛಾಯಾಗ್ರಾಹಕರು ಲೆನ್ಸ್ ವಾಲಿಸುವುದು ಹೆಚ್ಚು ನೆಲ ಚೂಪಾಗಿ ಬರಲೆಂದು. ಉಲ್ಟಾ ದಿಕ್ಕಿಗೆ ವಾಲಿಸಿದಾಗ ಚೂಪಿನ ಪಟ್ಟಿ ಕಿರಿದಾಗುತ್ತದೆ, ಅಷ್ಟೆ. ಆಗಲೂ ಎತ್ತರದ ಕಟ್ಟಡಗಳ ಮೇಲೆ ಮಸುಕು ಆಟಿಕೆಯಲ್ಲಿದ್ದಂತೆ ಬೀಳುವುದಿಲ್ಲ. ಕಂಪ್ಯೂಟರಿನಲ್ಲಾದರೆ ಕಟ್ಟಡವನ್ನು ಬೇರೆಯಾಗಿ ತಿದ್ದಬಹುದು, ಲೆನ್ಸಿಗೆ ಆ ಸ್ವಾತಂತ್ರ್ಯವಿಲ್ಲ. ಆದ್ದರಿಂದ ಈ ಒಂದು ಕೆಲಸಕ್ಕಾಗಿ ಆ ದುಡ್ಡು ಸುರಿಯಬೇಡಿ.

ಬಣ್ಣ ಹೆಚ್ಚಿಸುವ ಸಲಹೆ ಅರ್ಧ ಸರಿ. ಎಣ್ಣೆ ಬಣ್ಣ ಬಳಿದ ಆಟಿಕೆಯ ಮೇಲೆ ಊರಿನ ಧೂಳು, ಹೊಗೆ ಇರುವುದಿಲ್ಲ, ಹಾಗಾಗಿ ದೂರದ ಮಬ್ಬನ್ನು ಸ್ವಲ್ಪ ತೆಗೆದು ಬಣ್ಣವನ್ನು ಶೇ. 15–20ರಷ್ಟು ಏರಿಸಿದರೆ ಸಹಾಯವಾಗುತ್ತದೆ. ಆದರೆ ಮಸುಕು ತಪ್ಪಾಗಿದ್ದರೆ ಬಣ್ಣ ಎಷ್ಟು ಏರಿಸಿದರೂ ಅದು ಬಣ್ಣ ಹೆಚ್ಚಾದ ಫೋಟೋ ಅಷ್ಟೇ. 2010ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ನೋಡುಗರ ಮೇಲೆ ಪರೀಕ್ಷಿಸಿದ್ದರು. ಮಸುಕು ಚಿತ್ರದ ದೂರದ ದಿಕ್ಕಿನಲ್ಲೇ ಏರುತ್ತಾ ಹೋದಾಗ ದೃಶ್ಯ ಚಿಕ್ಕದಾಗಿ ಕಂಡಿತು. ಅಷ್ಟೇ ಮಸುಕನ್ನು ಅಡ್ಡ ದಿಕ್ಕಿನಲ್ಲಿ ಹಾಕಿದಾಗ ಆ ಭ್ರಮೆ ಅಷ್ಟಾಗಿ ಮೂಡಲಿಲ್ಲ. ಹಾಗಾಗಿ ನಿಮ್ಮ ರಸ್ತೆ ಚಿತ್ರದಲ್ಲಿ ಓರೆಯಾಗಿ ಹೋಗಿದ್ದರೂ ಗ್ರೇಡಿಯಂಟನ್ನು ರಸ್ತೆಯ ಜೊತೆ ಓರೆ ಮಾಡಬೇಡಿ. ಕ್ಯಾಮೆರಾ ಮಟ್ಟಸವಾಗಿದ್ದರೆ ಗ್ರೇಡಿಯಂಟ್ ನೇರ ಮೇಲೆ-ಕೆಳಗೇ ಇರಬೇಕು.

ನೆಲದ ಲೆಕ್ಕ

ಎಲ್ಲಿ ಎಷ್ಟು ಬ್ಲರ್ ಎಂಬುದನ್ನು ಊಹಿಸಬೇಕಿಲ್ಲ. ಫೋಕಸ್ ತಪ್ಪಿದ ಬಿಂದು ಹರಡುವ ವೃತ್ತದ ಗಾತ್ರ, ಆ ಬಿಂದುವಿನ ದೂರದ ವಿಲೋಮಕ್ಕೂ ಫೋಕಸ್ ದೂರದ ವಿಲೋಮಕ್ಕೂ ಇರುವ ವ್ಯತ್ಯಾಸವನ್ನು ಅನುಸರಿಸುತ್ತದೆ. ನಿಮ್ಮ ಕ್ಯಾಮೆರಾ ನೆಲದಿಂದ 30 ಮೀಟರ್ ಮೇಲಿದೆ, 35 ಡಿಗ್ರಿ ಕೆಳಕ್ಕೆ ಬಾಗಿದೆ, ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ಅಡ್ಡವಾಗಿ ತೆಗೆದದ್ದು ಎಂದಿಟ್ಟುಕೊಂಡರೆ, ಮೇಲೆ ಹೇಳಿದ ಒಂದು ಮೀಟರ್ ಲೆನ್ಸಿಗೆ ಬ್ಲರ್ ರೇಡಿಯಸ್ ಹೀಗೆ ಬರುತ್ತದೆ:

```
r = 1635 × |1/d − 1/47|
```

`r` ಎಂದರೆ ನಿಮ್ಮ 4000×3000 ಚಿತ್ರದಲ್ಲಿ ಪಿಕ್ಸೆಲ್ ರೇಡಿಯಸ್, `d` ಎಂದರೆ ಕ್ಯಾಮೆರಾ ನೋಡುತ್ತಿರುವ ದಿಕ್ಕಿನಲ್ಲಿ ಅಳೆದ ದೂರ, ಮೀಟರುಗಳಲ್ಲಿ. ಚಿತ್ರದ ಮೇಲಂಚಿನ ರಸ್ತೆಗೆ ಈ ದೂರ, ಅಂದರೆ ಆಳ, ಸುಮಾರು 182 ಮೀಟರ್, ಅಲ್ಲಿಗೆ 26 ಪಿಕ್ಸೆಲ್. ಕೆಳಂಚಿನ ನೆಲ ಸುಮಾರು 30 ಮೀಟರ್, ಅಲ್ಲಿಗೆ 19. ಬಸ್ಸಿನ ಸಾಲಿನಲ್ಲಿ ಸೊನ್ನೆ. ನೀವು ಹಾಕಿದ 60 ಎಷ್ಟು ಅತಿಯಾಯಿತೆಂದು ಇದರಿಂದಲೇ ಗೊತ್ತಾಗುತ್ತದೆ. ಇಂಥ ಚಿತ್ರದಲ್ಲಿ ನೆಲಕ್ಕೆ ಗರಿಷ್ಠ ರೇಡಿಯಸ್ ಚಿತ್ರದ ಎತ್ತರದ ಶೇ. 0.5ರಿಂದ ಶೇ. 1ರ ಒಳಗೆ ಇದ್ದರೆ ಸಾಕು. ಅದಕ್ಕೂ ಹೆಚ್ಚಾದರೆ ಮನೆ, ಮರಗಳ ಆಕಾರವೇ ಅಳಿಸಿಹೋಗಿ, ಏನು ಚಿಕ್ಕದಾಗಿದೆ ಎಂದು ಗುರುತಿಸಲು ಕಣ್ಣಿಗೆ ಏನೂ ಉಳಿಯುವುದಿಲ್ಲ.

ಇದರಲ್ಲೊಂದು ಸೊಗಸಾದ ಅನುಕೂಲವಿದೆ. ಸಮತಟ್ಟಾದ ನೆಲದಲ್ಲಿ ದೂರದ ವಿಲೋಮ ಚಿತ್ರದ ಪಿಕ್ಸೆಲ್ ಸಾಲಿನ ಜೊತೆ ಸರಳರೇಖೆಯಲ್ಲಿ ಬದಲಾಗುತ್ತದೆ. ಅಂದರೆ ನೆಲದ ಮಟ್ಟಿಗೆ ಸಾದಾ ನೇರ ಗ್ರೇಡಿಯಂಟ್ ಅಂದಾಜಿನ ಉಪಾಯವೇನಲ್ಲ, ಲೆಕ್ಕಕ್ಕೆ ಸರಿಯಾದ ಉತ್ತರವೇ ಅದು. ಜೊತೆಗೆ ಬಸ್ಸಿನ ಮೇಲೂ ಕೆಳಗೂ ಏರಿಕೆ ಒಂದೇ ದರದಲ್ಲಿರಬೇಕು. ಬಸ್ಸು ಮೇಲಿನಿಂದ 1750ನೇ ಸಾಲಿನಲ್ಲಿದೆ ಎಂದಿಟ್ಟುಕೊಳ್ಳಿ. ಮೇಲಕ್ಕೆ 1750 ಸಾಲು, ಕೆಳಕ್ಕೆ 1250 ಮಾತ್ರ. ಆದ್ದರಿಂದ ಮೇಲೆ 26, ಕೆಳಗೆ 19. ಬಹಳ ಮಂದಿ ಎರಡೂ ಅಂಚಿಗೆ ಒಂದೇ ಗರಿಷ್ಠ ಬ್ಲರ್ ಕೊಡುತ್ತಾರೆ, ಆಗ ಮುಂಭಾಗದ ನೆಲ ಬೇರೆ ಯಾವುದೋ ಲೆನ್ಸಿನಲ್ಲಿ ತೆಗೆದಂತೆ ಕಾಣುತ್ತದೆ.

"ಚೂಪಿನ ಪಟ್ಟಿ ಎಷ್ಟು ಅಗಲ ಇಡಬೇಕು" ಎಂಬ ಪ್ರಶ್ನೆಯೂ ಇಲ್ಲೇ ಮುಗಿಯುತ್ತದೆ. ಒಂದೂವರೆ ಪಿಕ್ಸೆಲ್ ರೇಡಿಯಸ್ಸಿನವರೆಗಿನ ಮಸುಕು ಕಣ್ಣಿಗೆ ಬೀಳುವುದಿಲ್ಲ. ಈ ದರದಲ್ಲಿ ಅದು ಬಸ್ಸಿನ ಮೇಲೆ-ಕೆಳಗೆ ನೂರು ನೂರು ಸಾಲು. ಆ 200 ಸಾಲಿನ ಪಟ್ಟಿ ತಾನಾಗಿಯೇ ಬರುತ್ತದೆ, ಬೇರೆಯಾಗಿ ಇಡಬೇಕಿಲ್ಲ. ಪಟ್ಟಿ ಅಗಲ ಮಾಡಿ, ಅದರಾಚೆ ಥಟ್ಟನೆ ಬ್ಲರ್ ಏರಿಸಿದರೆ ಚಿತ್ರದ ಮೇಲೆ ಅಡ್ಡ ಗೆರೆ ಎಳೆದಂತಾಗುತ್ತದೆ.

ಮಂಜು ಎಲ್ಲಿಂದ ಬಂತು

ನೀವು ಮಾಡಿದ ವಿಧಾನದಲ್ಲಿ, ನಡುದಾರಿಯ ಒಂದು ಸಾಲಿನಲ್ಲಿ ಅರ್ಧ ಚೂಪಾದ ಚಿತ್ರ, ಅರ್ಧ 60 ಪಿಕ್ಸೆಲ್ ಮಸುಕಾದ ಚಿತ್ರ ಒಂದರ ಮೇಲೊಂದು ಕೂತಿವೆ. ಅದು 30 ಪಿಕ್ಸೆಲ್ ಮಸುಕಲ್ಲ. ಅಂಚುಗಳೆಲ್ಲ ಚೂಪಾಗಿಯೇ ಉಳಿದು, ಅವುಗಳ ಸುತ್ತ ಹಾಲಿನಂಥ ಪ್ರಭೆ ಹರಡುತ್ತದೆ. ನಿಮಗೆ ಮಂಜಾಗಿ ಕಂಡದ್ದು ಅದೇ. ಪರೀಕ್ಷೆ ಸುಲಭ: ಮಧ್ಯ ದೂರದಲ್ಲಿರುವ ಯಾವುದಾದರೂ ಅಂಗಡಿಯ ಬೋರ್ಡು ನೋಡಿ. ಅಕ್ಷರ ಓದಲು ಬರುತ್ತಿದ್ದು ಸುತ್ತ ಹೊಗೆ ಇದ್ದರೆ ಅದು ಬೆರಕೆ. ಅಕ್ಷರಗಳು ಒಂದಕ್ಕೊಂದು ಕರಗಿ ಸೇರಿಕೊಂಡಿದ್ದರೆ ಅದು ನಿಜವಾದ ಮಸುಕು.

ಇದಕ್ಕೆ ಪರಿಹಾರ, ಮಾಸ್ಕನ್ನು ಲೇಯರಿನ ಪಾರದರ್ಶಕತೆಗೆ ಕಟ್ಟುವ ಬದಲು ಬ್ಲರ್ ರೇಡಿಯಸ್ಸಿಗೇ ಕಟ್ಟುವುದು. ಜಿಂಪ್ 2.10ರ ಈಚಿನ ಆವೃತ್ತಿಗಳಲ್ಲೂ 3ರಲ್ಲೂ ಇದಕ್ಕೆ ಬೇಕಾದ ಫಿಲ್ಟರ್ ಇದೆ. ಗಾಸಿಯನ್ ಬಿಟ್ಟು `Lens Blur` ಬಳಸಿ. ಗಾಸಿಯನ್ ಬೆಳಕನ್ನು ಹತ್ತಿಯಂತೆ ಹರಡುತ್ತದೆ. ಲೆನ್ಸ್ ಒಂದು ಬೆಳಕಿನ ಚುಕ್ಕೆಯನ್ನು ಅಂಚುಳ್ಳ ಬಿಲ್ಲೆಯಾಗಿಸುತ್ತದೆ, ಆಟೋದ ಗಾಜಿನ ಮೇಲಿನ ಬಿಸಿಲ ಮಿಂಚು ಪುಟ್ಟ ಬಿಲ್ಲೆಯಾದಾಗಲೇ ಅದು ಹತ್ತಿರದ ಫೋಟೋ ಅನ್ನಿಸುವುದು.

ಮೊದಲು `Layer → Duplicate Layer` ಕೊಟ್ಟು ಫೋಟೋದ ನಕಲು ಮಾಡಿಕೊಳ್ಳಿ. ಅದರ ಮೇಲೆ ಹೊಸ ಲೇಯರ್ ಸೇರಿಸಿ, `mask` ಎಂದು ಹೆಸರಿಡಿ. ಮೇಲಿನ ಅಳತೆಪಟ್ಟಿಯಿಂದ ಒಂದು ಗೈಡ್ ಎಳೆದು 1750ನೇ ಸಾಲಿಗೆ, ಬಸ್ಸಿನ ಚಕ್ರ ನೆಲ ಮುಟ್ಟುವ ಕಡೆಗೆ ತನ್ನಿ. ಬಸ್ಸಿನ ನೆತ್ತಿಯನ್ನು ಗುರುತಾಗಿ ಹಿಡಿಯಬೇಡಿ, ಲೆಕ್ಕ ನೆಲದ್ದು. `D` ಒತ್ತಿದರೆ ಕಪ್ಪು-ಬಿಳುಪು ಬಣ್ಣಗಳು ಬರುತ್ತವೆ. ಗ್ರೇಡಿಯಂಟ್ ಉಪಕರಣಕ್ಕೆ `G` ಒತ್ತಿ, `Shape` ಎಂಬಲ್ಲಿ `Bi-linear` ಆರಿಸಿ. `Ctrl` ಹಿಡಿದುಕೊಂಡು ಗೈಡಿನಿಂದ ಚಿತ್ರದ ಮೇಲಂಚಿನವರೆಗೆ ನೇರವಾಗಿ ಎಳೆದು `Enter` ಒತ್ತಿ. ಗೈಡಿನ ಮೇಲೆ ಕಪ್ಪು, ಮೇಲಂಚಿನಲ್ಲಿ ಬಿಳುಪು ಬರುತ್ತದೆ. ಕೆಳಕ್ಕೆ ಅದೇ ದರದಲ್ಲಿ ಏರಿ ಕೆಳಂಚಿನಲ್ಲಿ ಶೇ. 71ರಷ್ಟು ಬೂದು ನಿಲ್ಲುತ್ತದೆ, 26ರ ಶೇ. 71 ಅಂದರೆ ಹೆಚ್ಚುಕಡಿಮೆ 19. ಎರಡು ಬದಿಯ ಲೆಕ್ಕವೂ ಒಂದೇ ಎಳೆತದಲ್ಲಿ ಮುಗಿಯಿತು.

ಮಾಸ್ಕ್ ಲೇಯರಿನ ಕಣ್ಣಿನ ಗುರುತು ಆರಿಸಿ ಅದನ್ನು ಮರೆಮಾಡಿ. ಫೋಟೋದ ನಕಲಿನ ಲೇಯರ್ ಮೇಲೆ ಬಂದು `Filters → Blur → Lens Blur` ತೆರೆಯಿರಿ. `Radius` 26, `Aux Input` ಎಂಬಲ್ಲಿ ಆ ಮಾಸ್ಕ್ ಲೇಯರ್ ಕೊಡಿ. `Linear mask` ಎಂಬ ಚೌಕಕ್ಕೆ ಗುರುತು ಹಾಕಬೇಡಿ. ಹಾಕಿದರೆ ಅರ್ಧ ಬೂದು ಬಣ್ಣ ಅರ್ಧ ರೇಡಿಯಸ್ ಕೊಡದೆ ಕಾಲು ಭಾಗಕ್ಕಿಂತಲೂ ಕಡಿಮೆ ಕೊಡುತ್ತದೆ, ನಡುವೆ ಬಹಳ ದೂರ ಚೂಪಾಗಿಯೇ ಉಳಿದು ಅಂಚಿನಲ್ಲಿ ಮಾತ್ರ ಬ್ಲರ್ ನುಗ್ಗುತ್ತದೆ.

ಫೋಟೋಶಾಪ್ ಇರುವವರು `Blur Gallery` ಒಳಗಿನ `Tilt-Shift` ಬಳಸುವಾಗ ಒಂದು ಎಚ್ಚರಿಕೆ. ಅಲ್ಲಿ ಬಿಡಿಗೆರೆ ದಾಟಿದ ಮೇಲೆ ಬ್ಲರ್ ಏರುವುದು ನಿಂತು ಸಮನಾಗಿಬಿಡುತ್ತದೆ. ಮೇಲಿನ ಬಿಡಿಗೆರೆಯನ್ನು ಚಿತ್ರದ ಮೇಲಂಚಿಗೇ ಒಯ್ಯಿರಿ, ಕೆಳಗಿನದನ್ನು ಅಷ್ಟೇ ಅಂತರದಲ್ಲಿ ಇಡಿ. ಅದು ಚೌಕಟ್ಟಿನ ಹೊರಗೆ ಹೋಗುತ್ತದೆ, ಹೋಗಲಿ. ಗಟ್ಟಿ ಗೆರೆಗಳೆರಡನ್ನೂ ಬಸ್ಸಿಗೆ ಆದಷ್ಟು ಹತ್ತಿರ ತನ್ನಿ. ಮೊಬೈಲಿನ ಸ್ನ್ಯಾಪ್‌ಸೀಡ್‌ನಲ್ಲಾದರೆ ಲೆನ್ಸ್ ಬ್ಲರ್‌ನಲ್ಲಿ ನೇರ ಪಟ್ಟಿ ಆರಿಸಿ, ಟ್ರಾನ್ಸಿಶನ್ ಪೂರ್ತಿ ಏರಿಸಿ, ವಿನೆಟ್ ಸೊನ್ನೆಗೆ ಇಳಿಸಿ. ಎತ್ತರದ ಕಟ್ಟಡಗಳಿಲ್ಲದ ಮೈದಾನ, ರೈಲ್ವೆ ಯಾರ್ಡ್, ಬಸ್ ನಿಲ್ದಾಣದ ಚಿತ್ರಕ್ಕೆ ಅಷ್ಟು ಸಾಕು. ನಿಮ್ಮ ಚಿತ್ರಕ್ಕೆ ಸಾಲದು.

ಟ್ಯಾಂಕು ಮತ್ತು ಕಟ್ಟಡ

ಟ್ಯಾಂಕಿನ ಬುಡ 1900ನೇ ಸಾಲಿನ ಹತ್ತಿರ ಇದೆ ಅಂದುಕೊಳ್ಳೋಣ. ಗ್ರೇಡಿಯಂಟಿಗೆ ಗೊತ್ತಿರುವುದು ಸಾಲಿನ ಸಂಖ್ಯೆ ಮಾತ್ರ. ಬಸ್ಸಿನಿಂದ ಬರೀ 150 ಸಾಲು ಕೆಳಗೆ ಎಂದು ಅದು ಟ್ಯಾಂಕಿಗೆ 2 ಪಿಕ್ಸೆಲ್ ಕೊಟ್ಟು ಸುಮ್ಮನಾಗುತ್ತದೆ. ಆದರೆ ಟ್ಯಾಂಕ್ ಇರುವುದು ರಸ್ತೆಯಲ್ಲಲ್ಲ, ಸುಮಾರು 12 ಮೀಟರ್ ಎತ್ತರದ ತಾರಸಿಯ ಮೇಲೆ. ಅಲ್ಲಿಗೆ ನಿಮ್ಮಿಂದ ಆಳ ಸುಮಾರು 26 ಮೀಟರ್ ಮಾತ್ರ. ಸೂತ್ರಕ್ಕೆ ಹಾಕಿದರೆ 27 ಪಿಕ್ಸೆಲ್! 180 ಮೀಟರ್ ಆಚೆಯ ಮೇಲಂಚಿನ ರಸ್ತೆಗಿಂತಲೂ ಒಂದು ಹೆಚ್ಚು. ಬಸ್ಸಿನ ಪಕ್ಕದಲ್ಲೇ ಚೂಪಾಗಿ ನಿಂತ ಟ್ಯಾಂಕ್ ನಿಮ್ಮ ಭ್ರಮೆ ಒಡೆಯುತ್ತಿರುವುದು ಇದಕ್ಕೇ. ಚಿತ್ರದ ಉಳಿದೆಲ್ಲ ದೋಷ ಸರಿಪಡಿಸಿ ಇದೊಂದನ್ನು ಬಿಟ್ಟರೂ ನೋಡುಗರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಬಲಗಡೆಯ ಕಟ್ಟಡದ ತೊಂದರೆ ಇದಕ್ಕೆ ವಿರುದ್ಧ. ಅದರ ಬುಡ 1700ನೇ ಸಾಲಿನಲ್ಲಿ, ನೆತ್ತಿ 700ರಲ್ಲಿ ಎಂದರೆ ಎತ್ತರ ಸುಮಾರು 16 ಮೀಟರ್, ಐದು ಮಹಡಿಗೆ ಸರಿಹೊಂದುತ್ತದೆ. ಗ್ರೇಡಿಯಂಟ್ ಆ ನೆತ್ತಿಯನ್ನು ದೂರದ ರಸ್ತೆ ಎಂದು ತಿಳಿದು 16 ಪಿಕ್ಸೆಲ್ ಬ್ಲರ್ ಹಾಕುತ್ತದೆ. ನಿಜಕ್ಕೂ ನೀವು ಮೇಲಿನಿಂದ ನೋಡುತ್ತಿರುವುದರಿಂದ ಕಟ್ಟಡದ ನೆತ್ತಿ ಅದರ ಬುಡಕ್ಕಿಂತ ನಿಮಗೆ ಹತ್ತಿರ. ಬುಡ 48 ಮೀಟರ್ ಆಳದಲ್ಲಿದ್ದರೆ ನೆತ್ತಿ 38ರಲ್ಲಿ. ಸೂತ್ರ ಅಲ್ಲಿಗೆ 8 ಪಿಕ್ಸೆಲ್ ಹೇಳುತ್ತದೆ. "ಕಟ್ಟಡ ಪೂರ್ತಿ ಚೂಪಾಗಿ ಬಿಡಿ" ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಬರಿಯ ಗ್ರೇಡಿಯಂಟಿಗಿಂತ ವಾಸಿ, ಆದರೆ ಕಟ್ಟಡ ಕತ್ತರಿಸಿ ಅಂಟಿಸಿದ ರಟ್ಟಿನಂತೆ ಕಾಣುವ ಅಪಾಯವಿದೆ. ಬುಡದಿಂದ ನೆತ್ತಿಗೆ ಸೊನ್ನೆಯಿಂದ 8ಕ್ಕೆ ಏರುವ ಸಣ್ಣ ಮಸುಕು ಇದ್ದರೆ ಅದು ನೆಲದಲ್ಲಿ ಬೇರೂರಿ ನಿಂತಂತೆ ಕಾಣುತ್ತದೆ.

ಹಾಗಾದರೆ ಮಾಸ್ಕಿನಲ್ಲಿ ಟ್ಯಾಂಕಿಗೆ ಬಿಳುಪು, ಕಟ್ಟಡಕ್ಕೆ ಕಪ್ಪು ಬಳಿದರೆ ಆಯಿತಲ್ಲ ಎನ್ನಿಸಬಹುದು. ಅರ್ಧ ಮಾತ್ರ ಆಗುತ್ತದೆ, ಏಕೆಂದರೆ ಅಂಚುಗಳ ವರ್ತನೆ ಎರಡರಲ್ಲೂ ಬೇರೆ. ಮುಂದಿರುವ ಮಸುಕಾದ ವಸ್ತು ತನ್ನ ಹಿಂದಿನ ಚೂಪಾದ ರಸ್ತೆಯ ಮೇಲೆ ಹರಡಬೇಕು. ಹಿಂದಿರುವ ಮಸುಕು ಮುಂದಿನ ಚೂಪಾದ ಕಟ್ಟಡದೊಳಗೆ ಹರಡಬಾರದು, ಕಟ್ಟಡದ ಬಣ್ಣವೂ ಹಿನ್ನೆಲೆಗೆ ಸೋರಬಾರದು. ಮಾಸ್ಕ್ ಒಂದರಿಂದಲೇ ಮಾಡಿದರೆ ಟ್ಯಾಂಕಿನ ಒಳಗೆ ಮಸುಕು, ಅಂಚು ಮಾತ್ರ ಕತ್ತರಿ ಹಾಕಿದಂತೆ ಚೂಪು. ಬಿಳಿ ಬಣ್ಣದ ಕಟ್ಟಡವಾದರೆ ಅದರ ಸುತ್ತ ಟ್ಯೂಬ್‌ಲೈಟ್ ಹಚ್ಚಿದಂತೆ ಬಿಳಿ ಪ್ರಭೆ. ಈ ಎರಡು ಗುರುತು ಕಂಡರೆ ಲೇಯರ್ ಬೇರ್ಪಡಿಸಲೇಬೇಕು ಎಂದರ್ಥ.

ಆದ್ದರಿಂದ `Lens Blur` ಹಾಕುವ ಮೊದಲೇ ಎರಡು ವಸ್ತುಗಳನ್ನು ಎತ್ತಿಟ್ಟುಕೊಳ್ಳಿ. ಹತ್ತಿರದ ತಾರಸಿಯನ್ನು ಟ್ಯಾಂಕು, ಗೋಡೆ, ಬಟ್ಟೆ ಒಣಹಾಕಿದ ಹಗ್ಗ ಸಮೇತ `Free Select` ಉಪಕರಣದಿಂದ ಸುತ್ತುಗಟ್ಟಿ, ನಕಲು ಮಾಡಿ, ಹೊಸ ಲೇಯರಾಗಿ ಅಂಟಿಸಿ. `Layer → Layer to Image Size` ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಮಸುಕು ಹರಡಲು ಜಾಗವಿಲ್ಲದೆ ಲೇಯರಿನ ಅಂಚಿನಲ್ಲಿ ತುಂಡಾಗುತ್ತದೆ. ಕಟ್ಟಡವನ್ನೂ ಹಾಗೇ ಬೇರೆ ಲೇಯರಿಗೆ ಎತ್ತಿ, ಅದರ ಆಯ್ಕೆಯ ಅಂಚನ್ನು ಒಂದೆರಡು ಪಿಕ್ಸೆಲ್ ಮಾತ್ರ ಮೃದು ಮಾಡಿ.

ಈಗ ಕೆಳಗಿನ ಫೋಟೋ ನಕಲಿನಲ್ಲಿ ಇವೆರಡರ ಅಂಚುಗಳನ್ನು ಅಳಿಸಬೇಕು. ಕ್ಲೋನ್ ಉಪಕರಣದಿಂದ ಪಕ್ಕದ ರಸ್ತೆ, ಮರ, ಮನೆಗಳನ್ನು ತಂದು ಒಳಗೆ ತುಂಬಿ. ಇಡೀ ಕಟ್ಟಡ ಅಳಿಸುವ ಶ್ರಮ ಬೇಡ. ಬ್ಲರ್ 26 ಪಿಕ್ಸೆಲ್ಲಿಗಿಂತ ಆಚೆಗೆ ಕೈಚಾಚುವುದಿಲ್ಲ, ಹಾಗಾಗಿ ಅಂಚಿನ ಒಳಗೆ 40 ಪಿಕ್ಸೆಲ್ ಅಗಲದ ಪಟ್ಟಿ ತುಂಬಿದರೆ ಸಾಕು. ತುಂಬಿದ್ದು ಒರಟಾಗಿದ್ದರೂ ಚಿಂತೆಯಿಲ್ಲ, ಅದು ಮಸುಕಾಗಿಯೇ ಹೋಗುತ್ತದೆ. ತಾರಸಿಯ ಕಡೆ ಮಾತ್ರ, ಚೂಪಿನ ಪಟ್ಟಿಗೆ ತಾಗುವ ಅಂಚಿನಲ್ಲಿ ಸ್ವಲ್ಪ ಜಾಗ್ರತೆಯಿಂದ ತುಂಬಿ, ಅಲ್ಲಿ ಮಸುಕಿನ ಮರೆ ಇಲ್ಲ.

ಆಮೇಲೆ ಮೂರಕ್ಕೂ ಬೇರೆ ಬೇರೆ ಬ್ಲರ್. ಕೆಳಗಿನ ಫೋಟೋ ಲೇಯರಿಗೆ ಮೊದಲು ಹೇಳಿದ ಮಾಸ್ಕ್, 26. ಕಟ್ಟಡದ ಲೇಯರಿಗೆ ಇನ್ನೊಂದು ಮಾಸ್ಕ್, ಬುಡದಲ್ಲಿ ಕಪ್ಪಿನಿಂದ ಶುರುವಾಗಿ ನೆತ್ತಿಯಲ್ಲಿ ಬಿಳುಪಾಗುವ ಸಾದಾ `Linear` ಗ್ರೇಡಿಯಂಟ್, ರೇಡಿಯಸ್ 8. ತಾರಸಿಯ ಲೇಯರಿಗೆ ಮಾಸ್ಕ್ ಬೇಡ. ಲೆಕ್ಕದ ಪ್ರಕಾರ ಅದು ಟ್ಯಾಂಕಿನ ಬಳಿ 27ರಿಂದ ಚಿತ್ರದ ಕೆಳಂಚಿಗೆ ಬರುವಷ್ಟರಲ್ಲಿ 54ರವರೆಗೆ ಏರುತ್ತದೆ, ಆದರೆ ಇಡೀ ತಾರಸಿಗೆ 32 ಎಂದು ಒಂದೇ ಸಂಖ್ಯೆ ಕೊಟ್ಟರೂ ಕಣ್ಣು ತಕರಾರು ಮಾಡುವುದಿಲ್ಲ. ತಾರಸಿಯ ಅಂಚು ರಸ್ತೆಯ ಮೇಲೆ ಮೆತ್ತಗೆ ಹರಡಿ, ಅದರಾಚೆ ಬಸ್ಸು ಚೂಪಾಗಿ ಕಂಡಾಗ, ಕ್ಯಾಮೆರಾ ಬೊಂಬೆಗಳ ನಡುವೆ ತೂರಿ ನೋಡಿದಂತಾಗುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹೆಜ್ಜೆ ಇದೇ, ಹೆಚ್ಚು ಮಂದಿ ಬಿಟ್ಟುಬಿಡುವುದೂ ಇದನ್ನೇ.

ಇಷ್ಟು ಸಮಯ ಇಲ್ಲದಿದ್ದರೆ ಎಡಭಾಗ ಕತ್ತರಿಸಿ ತಾರಸಿಯನ್ನೇ ಚಿತ್ರದಿಂದ ಹೊರಗೆ ಹಾಕುವುದು ಪ್ರಾಮಾಣಿಕ ಅಡ್ಡದಾರಿ. ಚೌಕಟ್ಟಿನಲ್ಲಿ ತೆಂಗಿನ ಮರದ ಗರಿಗಳು ಚೂಪಿನ ಪಟ್ಟಿಗೆ ಅಡ್ಡ ಬಂದಿದ್ದರೂ ಅದೇ ಸಲಹೆ. ಗರಿಗಳ ಸಂದಿನಲ್ಲಿ ಸುತ್ತುಗಟ್ಟಿ ಗೆದ್ದವರು ಕಡಿಮೆ. ಮತ್ತೊಮ್ಮೆ ತಾರಸಿ ಹತ್ತುವುದಾದರೆ ಆಕಾಶ, ದಿಗಂತ ಚೌಕಟ್ಟಿಗೆ ಬಾರದಂತೆ 30ರಿಂದ 45 ಡಿಗ್ರಿ ಕೆಳಕ್ಕೆ ಬಾಗಿಸಿ, ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ ತೆಗೆಯಿರಿ. ಮೂರನೇ ಮಹಡಿಯಿಂದ ತೆಗೆದ ಚಿತ್ರದಲ್ಲಿ ಮನೆಗಳ ಮುಖವೇ ಹೆಚ್ಚು, ನೆಲ ಕಡಿಮೆ. ಅಲ್ಲಿ ಈ ಗ್ರೇಡಿಯಂಟಿಗೆ ಕೆಲಸವೇ ಇಲ್ಲ.

ಕೊನೆಗೆ ಎರಡು ಸಣ್ಣ ತಿದ್ದುಪಡಿ. ಬ್ಲರ್ ಆದ ಜಾಗದಲ್ಲಿ ಮೊಬೈಲ್ ಫೋಟೋದ ಕಾಳುಕಾಳಾದ ನಾಯ್ಸ್ ಅಳಿಸಿಹೋಗಿ ಪ್ಲಾಸ್ಟಿಕ್ಕಿನಂತೆ ನುಣುಪಾಗುತ್ತದೆ, ಬಸ್ಸಿನ ಸುತ್ತ ಮಾತ್ರ ನಾಯ್ಸ್ ಉಳಿದಿರುತ್ತದೆ. ಚಿತ್ರವನ್ನು ಶೇ. 100ಕ್ಕೆ ಹಿಗ್ಗಿಸಿ ನೋಡಿ, ಎರಡು ಕಡೆಯೂ ಹೊಂದುವಷ್ಟು ನಾಯ್ಸನ್ನು `Filters → Noise → RGB Noise` ಮೂಲಕ ಮಸುಕಾದ ಲೇಯರುಗಳಿಗೆ ಚೂರೇ ಚೂರು ಸೇರಿಸಿ. ಇನ್ನು, ಈ ಸಂಖ್ಯೆಗಳೆಲ್ಲ 4000 ಪಿಕ್ಸೆಲ್ ಅಗಲದ ಚಿತ್ರಕ್ಕೆ. 1080 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸಿದ ಪ್ರತಿಯ ಮೇಲೆ ಕೆಲಸ ಮಾಡಿದರೆ 26ರ ಬದಲು 7, ಕಟ್ಟಡಕ್ಕೆ 2, ತಾರಸಿಗೆ 9 ಹಾಕಿ.